ಲೋಟದ ತಳದಲ್ಲೊಂದು ಬೆರಳು ಕಾಫಿ

ನಮ್ಮ ಮನೆಯಲ್ಲಿ ಮದುವೆಯ ವಾರ್ಷಿಕೋತ್ಸವ ವರ್ಷಕ್ಕೆ ಎರಡು ಸಲ ಬರುತ್ತದೆ. ತಾರೀಖಿನದು ಒಂದು, ತಿಥಿಯದು ಇನ್ನೊಂದು. ತಾರೀಖಿನದು ಏಪ್ರಿಲ್ ಕೊನೆಯ ವಾರದಲ್ಲಿ. ಅವತ್ತು ನಾವು ಹೋಟೆಲಿಗೆ ಹೋಗುತ್ತೇವೆ. ತಿಥಿಯದು ವೈಶಾಖ ಶುದ್ಧ ದಶಮಿಗೆ. ಅದು ಅಮ್ಮನ ಇಲಾಖೆ. ಅವತ್ತು ಮನೆಯಲ್ಲಿ ಪಾಯಸ, ದೇವರ ಮುಂದೆ ಎರಡು ತುಪ್ಪದ ದೀಪ, ಮತ್ತು ಮದುವೆಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾಗಿತ್ತು ಎಂದು ಹೇಳಿದ ನೆಂಟರ ಸ್ಮರಣೆ.

2007ರಲ್ಲಿ ಮದುವೆಯಾದಾಗ ಇವೆರಡೂ ಒಂದೇ ದಿನ ಇದ್ದವು, ಇರಲೇಬೇಕಲ್ಲ. ಆದರೆ ನಮ್ಮ ಮದುವೆಯ ಬೆನ್ನಿಗೇ ಅಧಿಕ ಜ್ಯೇಷ್ಠ ಬಂತು. ಹೀಗಾಗಿ ಮೊದಲ ವಾರ್ಷಿಕೋತ್ಸವಕ್ಕೇ ತಿಥಿ ಮೇ ತಿಂಗಳ ನಡುವಿಗೆ ಹೋಗಿ ಕೂತಿತು. ಚಂದ್ರನ ಹನ್ನೆರಡು ತಿಂಗಳಿಗೆ 354 ದಿನ. ಆದ್ದರಿಂದ ತಿಥಿ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಒಂದೇ ಜಿಗಿತಕ್ಕೆ ಮುಂದೆ ಹೋಗುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಇಂಥ ಅಧಿಕ ಮಾಸಗಳು ಏಳು. 228ಕ್ಕೆ ಏಳು ಕೂಡಿದರೆ 235 ಚಾಂದ್ರಮಾಸ. ಹತ್ತೊಂಬತ್ತು ಸೌರವರ್ಷಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬರೀ ಎರಡು ಗಂಟೆ. ಹಾಗಾಗಿ 2026ರಲ್ಲಿ, ಹತ್ತೊಂಬತ್ತನೆಯ ವಾರ್ಷಿಕೋತ್ಸವಕ್ಕೆ, ತಿಥಿಯೂ ತಾರೀಖೂ ಮತ್ತೆ ಒಂದೇ ಕಡೆ ಬಂದು ಸೇರಿವೆ. ಹೆಚ್ಚೆಂದರೆ ಒಂದು ದಿನ ಆಚೀಚೆ.

ಒಂಟಿಕೊಪ್ಪಲ್ ಪಂಚಾಂಗವನ್ನು ಮುಂದಿಟ್ಟುಕೊಂಡು ನಾನು ಇದನ್ನೆಲ್ಲ ವಿವರಿಸುವಾಗ ಇವಳು ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದಳು. ಇವಳು ಹೈಸ್ಕೂಲಿನಲ್ಲಿ ಗಣಿತದ ಮೇಡಮ್ಮು. ಕೂಡುವುದು ಕಳೆಯುವುದನ್ನು ನನ್ನಿಂದ ಕಲಿಯಬೇಕಾದ ದರ್ದು ಇಲ್ಲ. ಆದರೂ ಪೂರ್ತಿ ಕೇಳಿದಳು. ದೋಸೆ ಮಗುಚಿ ಹಾಕಿ, "ಅಂದರೆ ಈ ಸಲ ಪಾಯಸದಲ್ಲೇ ಮುಗಿಸ್ತೀರಿ, ಹೋಟೆಲ್ ಊಟ ಖೋತಾ ಅಂತ ತಾನೇ?" ಅಂದಳು.

ಸುತ್ತಿ ಬಳಸಿ ಹೇಳಿದ ಮಾತಿನ ಕೊನೆಯ ಸಾಲನ್ನು ಮೊದಲೇ ಓದಿಬಿಡುವುದು ಇವಳ ಕಸುಬು.

ಮಗಳು, "ಅಪ್ಪ, ಎಲ್ಲರೂ ಹೆಂಡತಿ ಬಗ್ಗೆ ಏನೇನೋ ಬರೀತಾರೆ, ನೀನೂ ಒಂದು ಬರಿ" ಅಂತ ಪೀಡಿಸುತ್ತಿದ್ದಾಳೆ. ಇವಳಿಗೆ ಅದು ಸುತರಾಂ ಇಷ್ಟವಿಲ್ಲ. "ಹೊಗಳಿದರೆ ಓದಿದವರು ನಗ್ತಾರೆ, ತೆಗಳಿದರೆ ನಾನು ಸುಮ್ಮನಿರೋಲ್ಲ. ನಿಮ್ಮ ಬಗ್ಗೆಯೇ ಬರಕೊಳ್ಳಿ" ಅಂತ ಅಪ್ಪಣೆಯಾಗಿದೆ. ಆದ್ದರಿಂದ ನನ್ನ ಬಗ್ಗೆಯೇ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷ ಇವಳು ಸಹಿಸಿಕೊಂಡ ಪದಾರ್ಥ ಅದೇ ಆದ್ದರಿಂದ ವಿಷಯವೇನೂ ಬದಲಾಗುವುದಿಲ್ಲ.

ನನಗೆ ಕುಡಿತವಿಲ್ಲ, ಸಿಗರೇಟಿಲ್ಲ, ಇಸ್ಪೀಟಿಲ್ಲ. ಹೆಣ್ಣು ತೋರಿಸಲು ಬಂದವರಿಗೆ ಅಮ್ಮ ಇದನ್ನೇ ಬಾಯಿಪಾಠ ಒಪ್ಪಿಸಿದ್ದಳು. ಅದೆಲ್ಲ ನಿಜ. ಆದರೆ ಯಾವ ಚಟವೂ ಇಲ್ಲದ ಗಂಡಸು ಮನೆಯಲ್ಲಿ ಎಷ್ಟು ಹೊತ್ತು ಇರುತ್ತಾನೆ, ಇದ್ದು ಏನು ಮಾಡುತ್ತಾನೆ ಎಂದು ಹೆಣ್ಣಿನ ಕಡೆಯವರು ಯಾರೂ ಕೇಳಲಿಲ್ಲ. ನಾನು ಬ್ಯಾಂಕಿನವನು. ಸಂಜೆ ಲೆಕ್ಕ ತಾಳೆಯಾಗದೆ ಕುರ್ಚಿಯಿಂದ ಏಳುವಂತಿಲ್ಲ. ಆ ಬುದ್ಧಿ ಬ್ಯಾಂಕಿನ ಬಾಗಿಲಲ್ಲೇ ನಿಲ್ಲದೆ ನನ್ನ ಜೊತೆ ಸ್ಕೂಟರ್ ಹತ್ತಿ ಮನೆಗೂ ಬರುತ್ತದೆ.

ಉದಾಹರಣೆಗೆ ಗ್ಯಾಸ್ ಸಿಲಿಂಡರು. ಹೊಸದು ಹಾಕಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಸುತ್ತು ಹಾಕಿ 'ಸಿ' ಎಂದು ಬರೆಯುತ್ತೇನೆ. ಇಷ್ಟನ್ನು ಎಲ್ಲರ ಮನೆಯಲ್ಲೂ ಮಾಡುತ್ತಾರೆ. ನಾನು ಮುಗಿದ ದಿನ ಕೂತು ಎಣಿಸುತ್ತೇನೆ. 14.2 ಕಿಲೋ ಅನಿಲ ನಾಲ್ಕು ಜನರ ನಮ್ಮ ಮನೆಗೆ ನಲವತ್ತು ಚಿಲ್ಲರೆ ದಿನ ಬರಬೇಕು. ಕಮ್ಮಿ ಬಂದರೆ ಯಾಕೆ ಕಮ್ಮಿ ಬಂತು ಅನ್ನುವುದು ತಿಳಿಯಬೇಕು. ಮೊದಮೊದಲು ಇವಳನ್ನು ಕೇಳುತ್ತಿದ್ದೆ. ಅದೂ ಸಿಲಿಂಡರು ಮುಗಿಯುವ ಹೊತ್ತಿನಲ್ಲಿ, ಅಂದರೆ ಒಲೆಯ ಮೇಲೆ ಅರ್ಧ ಬೆಂದ ಹುಳಿ ಕೂತಿರುವಾಗ. ಇವಳು ಕೋಪಿಸಿಕೊಳ್ಳಲಿಲ್ಲ. ಮುಂದಿನ ತಿಂಗಳಿಂದ ಕ್ಯಾಲೆಂಡರಿನಲ್ಲಿ ನನ್ನ ಸುತ್ತುಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಷರಾ ಬೀಳತೊಡಗಿತು. 'ಯುಗಾದಿ, ಹೋಳಿಗೆ.' 'ಅತ್ತೆಗೆ ಶೀತ, ದಿನಕ್ಕೆ ಮೂರು ಸಲ ಬಿಸಿನೀರು.' 'ನಿಮ್ಮ ಅಕ್ಕ, ಭಾವ, ಮಕ್ಕಳು, ನಾಲ್ಕು ದಿನ.' ಆ ವರ್ಷ ಗೌರಿ ಹಬ್ಬಕ್ಕೆ ಬಂದ ಅಕ್ಕ ಏಕಾದಶಿ ಯಾವತ್ತು ಅಂತ ನೋಡಲು ಕ್ಯಾಲೆಂಡರಿನ ಹತ್ತಿರ ಹೋದಳು. ಆಮೇಲೆ ನಾನು ಎಣಿಸುವುದನ್ನೇನೂ ಬಿಟ್ಟಿಲ್ಲ, ಕೇಳುವುದನ್ನು ಬಿಟ್ಟಿದ್ದೇನೆ.

ಇದು ಸಣ್ಣದು. ದೊಡ್ಡದು ಕಾಫಿ.

ಬೆಳಗಿನ ಡಿಕಾಕ್ಷನ್ ಹಾಕುವುದು ನಾನೇ. ಊರಲ್ಲಿ ಇದನ್ನು ಕೇಳಿದ ಹೆಂಗಸರು ಇವಳಿಗೆ ಪುಣ್ಯವಂತೆ ಅಂದಿದ್ದಾರೆ. ಅವರು ಆ ಹೊತ್ತಿನಲ್ಲಿ ನಮ್ಮ ಅಡುಗೆಮನೆಯನ್ನು ನೋಡಿದವರಲ್ಲ. ನಾನು ಒಂದು ಫಿಲ್ಟರು, ಒಂದು ಪಾತ್ರೆಯಲ್ಲಿ ಕೆಲಸ ಮುಗಿಸುವವನಲ್ಲ. ನೀರು ಕಾಯಿಸಲು ಒಂದು, ಅಳೆಯಲು ಒಂದು, ಹಾಲಿಗೆ ಒಂದು, ಕೆನೆ ತೆಗೆದಿಡಲು ಒಂದು ಬಟ್ಟಲು, ಸೌಟು ಇಡಲು ಒಂದು ತಟ್ಟೆ. ಸಕ್ಕರೆಯ ಚಮಚವೇ ಬೇರೆ, ಪುಡಿಯ ಚಮಚವೇ ಬೇರೆ. ನಾಲ್ಕು ಲೋಟ ಕಾಫಿ ಆಗುವಷ್ಟರಲ್ಲಿ ಸಿಂಕು ತುಂಬಿರುತ್ತದೆ.

ಪುಡಿ ಒಂದು ಸಲಕ್ಕೆ ಕಾಲು ಕಿಲೋ ಮಾತ್ರ ತರುತ್ತೇನೆ, ಹೆಚ್ಚು ತಂದರೆ ಘಮ ಹೋಗುತ್ತದೆ. ಪೀಬರಿ ಅರ್ಧ, ಪ್ಲಾಂಟೇಷನ್ ಎ ಅರ್ಧ, ಕಣ್ಣೆದುರಿಗೇ ಬೀಸಿಸಬೇಕು. ಚಿಕೋರಿ ನನಗೆ ನೂರಕ್ಕೆ ಹದಿನೈದು ಇರಬೇಕು, ಅಮ್ಮನಿಗೆ ಮೂವತ್ತು. ಚಿಕೋರಿ ಹೆಚ್ಚಿದಷ್ಟೂ ಡಿಕಾಕ್ಷನ್ ಕಪ್ಪಗೆ, ಮಂದಗೆ ಇಳಿಯುತ್ತದೆ, ಒಂದೇ ಪುಡಿಗೆ ಎರಡನೆಯ ಸಲ ನೀರು ಹಾಕಿದರೂ ಬಣ್ಣ ಬರುತ್ತದೆ. ಹಳೆಯ ಕಾಲದವರಿಗೆ ಅದು ಉಳಿತಾಯ. ನನಗೆ ಅದು ಕಹಿ. ಕಡೆಗೆ ಇವಳು ಚಿಕೋರಿ ತಾನೇ ಬೆರೆಸಿ ಇಪ್ಪತ್ತಕ್ಕೆ ರಾಜಿ ಮಾಡಿಸಿದಳು. ಅಮ್ಮನಿಗೆ ಇಪ್ಪತ್ತೈದು ಅಂತಲೂ ನನಗೆ ಹದಿನೈದು ಅಂತಲೂ ಹೇಳಿದ್ದಳು ಅನ್ನುವುದು ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. ಅಲ್ಲಿಯವರೆಗೆ ಇಬ್ಬರೂ ನಮ್ಮ ನಮ್ಮ ನಾಲಿಗೆಯನ್ನು ಮೆಚ್ಚಿಕೊಂಡು ಕುಡಿಯುತ್ತಿದ್ದೆವು.

ಮೇಲಿನ ಬಟ್ಟಲಿಗೆ ನಾಲ್ಕು ತಲೆಗಟ್ಟಿದ ಚಮಚ ಪುಡಿ, ಸುಮಾರು ನಲವತ್ತು ಗ್ರಾಂ. ಮೇಲೆ ಹಿಡಿ ಇರುವ ತೂತಿನ ಬಿಲ್ಲೆ. ಕುದಿ ಬಂದು ಇಳಿಸಿದ ನೀರು, ಮೊದಲು ಪುಡಿ ನೆನೆಯುವಷ್ಟು, ಒಂದು ನಿಮಿಷ ಬಿಟ್ಟು ಉಳಿದದ್ದು, ಒಟ್ಟು ಕಾಲು ಲೀಟರ್. ಮುಚ್ಚಳ ಹಾಕಿ ಕಾಯಬೇಕು. ಇಪ್ಪತ್ತು ನಿಮಿಷದಲ್ಲಿ ಇಳಿಯಬೇಕಾದದ್ದು ಕೆಲವು ದಿನ ಹಟ ಹಿಡಿದು ನಿಲ್ಲುತ್ತದೆ. ಮುಚ್ಚಳ ತೆಗೆದರೆ ಮೇಲೆ ನೀರು ನಿಂತಹಾಗೇ ನಿಂತಿದೆ. ಕೆಳಗಿನ ಬಟ್ಟಲಲ್ಲಿ ಒಂದು ಗುಟುಕಿನಷ್ಟೂ ಇಲ್ಲ. ಇದಕ್ಕೆ ಕಾರಣ ಹಲವು. ಪುಡಿ ತೀರಾ ನುಣ್ಣಗಿದ್ದಿರಬಹುದು. ಬಿಲ್ಲೆಯನ್ನು ಜೋರಾಗಿ ಒತ್ತಿದ್ದರೆ ಪುಡಿ ಬಿಗಿದು ಕೂತಿರಬಹುದು. ತಳದ ತೂತುಗಳಲ್ಲಿ ಹಳೆಯ ಚರಟ ಕೂತಿರಬಹುದು. ಬೋರ್‌ವೆಲ್ ನೀರು ಬಳಸುವ ಮನೆಯಲ್ಲಾದರೆ ಅದರ ಸುಣ್ಣವೂ ಸೇರಿಕೊಳ್ಳುತ್ತದೆ. ಬಟ್ಟಲನ್ನು ಬೆಳಕಿಗೆ ಹಿಡಿದರೆ ಯಾವ ತೂತು ತೆರೆದಿದೆ, ಯಾವುದು ಕುರುಡು ಅಂತ ತಿಳಿಯುತ್ತದೆ. ಕುರುಡಾದರೆ ಖಾಲಿ ಬಟ್ಟಲನ್ನು ಒಲೆಯ ಉರಿಗೆ ಹಿಡಿದು, ಕೂತ ಪುಡಿ ಸುಟ್ಟು ಉದುರುವಂತೆ ಮಾಡಿ ತೊಳೆಯಬೇಕು. ಸ್ಟೀಲು ಸ್ವಲ್ಪ ನೀಲಿಯಾಗುತ್ತದೆ, ಆಗಲಿ.

ನಾನು ಇದಿಷ್ಟನ್ನೂ ತಿಳಿದವನಾದ್ದರಿಂದ ಡಿಕಾಕ್ಷನ್ ಇಳಿಯದ ದಿನ ಫಿಲ್ಟರಿನ ಪಕ್ಕ ನಿಂತು ಚಮಚದ ಹಿಡಿಯಿಂದ ಅದಕ್ಕೆ ತಟ್ಟುತ್ತೇನೆ. ಟಿಣ್ ಟಿಣ್ ಟಿಣ್. ಬೆಳಗಿನ ಐದೂವರೆಗೆ ಈ ಸದ್ದು ಮನೆಯ ಎಲ್ಲ ಕೋಣೆಗಳಿಗೂ ಹೋಗುತ್ತದೆ. ಅಮ್ಮ ಪೂಜೆಯ ಗಂಟೆ ಅಂದುಕೊಂಡು ಎದ್ದು ಕೂತದ್ದುಂಟು. ಮಗಳು ತಲೆದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಾಳೆ. ಇವಳು ಮಾತ್ರ ಎದ್ದು ಬಂದು, ನನ್ನ ಕಡೆ ನೋಡದೆ, ಕಿಟಕಿಯ ಹತ್ತಿರದಿಂದ ಒಂದೆಸಳು ಕರಿಬೇವು ತೆಗೆದುಕೊಂಡು ಹೋಗುತ್ತಾಳೆ. ಆಮೇಲೆ ಐದು ನಿಮಿಷಕ್ಕೆಲ್ಲ ಡಿಕಾಕ್ಷನ್ ಇಳಿದಿರುತ್ತದೆ. ತಟ್ಟಿದ್ದಕ್ಕೆ ಫಲ ಸಿಕ್ಕಿತು ಅಂತ ನನ್ನ ಲೆಕ್ಕ. ಸ್ನೇಹಿತರಿಗೂ ಹೇಳಿದ್ದೇನೆ, ಕಂಪನದಿಂದ ಪುಡಿ ಸಡಿಲವಾಗುತ್ತದೆ ಅಂತ.

ಒಂದು ದಿನ ಮಗಳು ಕೇಳಿದಳು, "ಅಮ್ಮ, ಕರಿಬೇವು ತಗೊಳ್ಳೋಕೆ ಹೋದಾಗೆಲ್ಲ ಆ ಫಿಲ್ಟರ್‌ನ ಯಾಕೆ ಮುಟ್ತೀಯ?"

ವಿಷಯ ಇಷ್ಟು. ಮೇಲಿನ ಬಟ್ಟಲು ಕೆಳಗಿನದರ ಬಾಯಿಗೆ ಬಿಗಿಯಾಗಿ ಕೂತರೆ ಕೆಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಗಾಳಿ ಹೊರಬರದೆ ಡಿಕಾಕ್ಷನ್ ಒಳಗೆ ಇಳಿಯುವುದಿಲ್ಲ. ಮೇಲಿನ ಬಟ್ಟಲನ್ನು ಒಂದು ಕೂದಲೆಳೆಯಷ್ಟು ಎತ್ತಿ ಬಿಟ್ಟರೆ ಸಾಕು. ಇವಳು ಬಲಗೈಯಲ್ಲಿ ಕರಿಬೇವು ತೆಗೆಯುತ್ತ ಎಡಗೈಯಲ್ಲಿ ಅದನ್ನು ಮಾಡಿ ಹೋಗುತ್ತಿದ್ದಳು. ಹೇಳಬಾರದಿತ್ತೇ ಎಂದು ಕೇಳಿದೆ. "ಹೇಳಿದ್ದರೆ ನೀವು ಎಷ್ಟು ಎತ್ತಬೇಕು ಅಂತ ಅಳೆಯೋಕೆ ಒಂದು ಸ್ಕೇಲು ತರ್ತಿದ್ರಿ. ತಟ್ಟೋದೇ ವಾಸಿ" ಅಂದಳು. ಉತ್ತರ ಹೊಳೆಯಲಿಲ್ಲ. ಈಗಲೂ ತಟ್ಟುತ್ತೇನೆ. ಇಷ್ಟು ವರ್ಷದ ಕೈ, ಸುಮ್ಮನಿರುವುದಿಲ್ಲ.

ಇಷ್ಟು ಮುತುವರ್ಜಿಯಿಂದ ಮಾಡಿದ ಕಾಫಿಯನ್ನು ನಾನು ಪೂರ್ತಿ ಕುಡಿಯುವುದಿಲ್ಲ ಅನ್ನುವುದು ಮುಂದಿನ ಅಧ್ಯಾಯ. ಲೋಟದ ತಳದಲ್ಲಿ ಒಂದು ಬೆರಳಷ್ಟು ಬಿಡುತ್ತೇನೆ. ಇದಕ್ಕೆ ಕಾರಣವಿದೆ. ನನ್ನ ಅಜ್ಜಿಯ ಮನೆಯಲ್ಲಿ ಫಿಲ್ಟರ್ ಇರಲಿಲ್ಲ. ಕುದಿಯುವ ನೀರಿಗೆ ಪುಡಿ ಹಾಕಿ, ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸುತ್ತಿದ್ದರು. ಬಟ್ಟೆ ಎಷ್ಟೇ ಒತ್ತಾಗಿದ್ದರೂ ಸಣ್ಣ ಚರಟ ನುಸುಳಿ ಬಂದು ತಳ ಹಿಡಿಯುತ್ತಿತ್ತು, ಕೊನೆಯ ಗುಟುಕು ಬಾಯಿಗೆ ಬಂದರೆ ಮರಳು. ಹಾಗೆ ತಳ ಬಿಡುವುದು ಹುಡುಗನಾಗಿದ್ದಾಗಲೇ ನನಗೆ ರೂಢಿಯಾಗಿ ಹೋಯಿತು. ಅಜ್ಜಿಯ ಮನೆ ಮಾರಿಯಾಯಿತು, ಬಟ್ಟೆ ಹೋಗಿ ಫಿಲ್ಟರ್ ಬಂತು, ತಳದಲ್ಲಿ ಏನೂ ಇರುವುದಿಲ್ಲ. ಬಿಡುವುದು ಮಾತ್ರ ಉಳಿದಿದೆ.

ಬಿಟ್ಟ ಲೋಟವನ್ನು ಸಿಂಕಿನಲ್ಲಿಟ್ಟಿದ್ದರೆ ಇಲ್ಲಿ ಬರೆಯುವ ಮಾತೇ ಇರುತ್ತಿರಲಿಲ್ಲ. ಅದು ಪೇಪರ್ ಓದುವ ಜಗಲಿಯ ಕಟ್ಟೆಯ ಮೇಲೆ, ಸ್ಕೂಟರಿನ ಸೀಟಿನ ಮೇಲೆ, ಗಿಡಕ್ಕೆ ನೀರು ಹಾಕುವಾಗ ತುಳಸಿ ಕಟ್ಟೆಯ ಪಕ್ಕ, ಒಮ್ಮೆ ಪಕ್ಕದ ಮನೆಯವರ ಗೇಟಿನ ಕಂಬದ ಮೇಲೆ ಸಿಕ್ಕಿದೆ. ಲೋಟ ಕಂಡ ಕಡೆ ಇರುವೆಯ ಸಾಲು, ಇರುವೆಯ ಸಾಲು ಹಿಡಿದು ಹೋದರೆ ಲೋಟ. ಮಗಳು ಚಿಕ್ಕವಳಿದ್ದಾಗ ಅವಳನ್ನು ಬೆಳಗಿನ ಲೋಟ ಹುಡುಕಲು ಕಳಿಸುವುದೇ ಆಟವಾಗಿತ್ತು.

ಇವಳು ಮೊದಲು ಕಾಫಿಯ ಪ್ರಮಾಣ ಕಮ್ಮಿ ಮಾಡಿ ನೋಡಿದಳು. ಮುಕ್ಕಾಲು ಲೋಟ ಕೊಟ್ಟರೂ ನಾನು ಒಂದು ಬೆರಳು ಬಿಟ್ಟೆ. ಅರ್ಧ ಕೊಟ್ಟರೂ ಒಂದೇ ಬೆರಳು. ಅದನ್ನು ನೋಡಿ ಗಣಿತದ ಮೇಡಮ್ಮಿಗೆ ಹೊಳೆಯಿತು: ಇವರು ಬಿಡುವುದು ಪಾಲನ್ನಲ್ಲ, ಎತ್ತರವನ್ನು. ಎತ್ತರ ಅಷ್ಟೇ ಇರುವುದಾದರೆ ಬದಲಿಸಬೇಕಾದದ್ದು ತಳದ ಅಗಲವನ್ನು. ನಮ್ಮ ಮನೆಯ ಹಳೆಯ ಲೋಟಗಳು ಮೇಲಿಂದ ಕೆಳಗಿನವರೆಗೆ ಒಂದೇ ಸಮ, ಏಳು ಸೆಂಟಿಮೀಟರ್ ಅಗಲ. ಇವಳು ದೇವರಾಜ ಮಾರುಕಟ್ಟೆಯ ಹತ್ತಿರದ ಪಾತ್ರೆ ಅಂಗಡಿಯಲ್ಲಿ ಹುಡುಕಿ, ಬಾಯಿ ಅಗಲವಿದ್ದು ತಳ ಐದು ಸೆಂಟಿಮೀಟರಿಗೆ ಇಳಿಯುವ ಲೋಟಗಳನ್ನು ತಂದಳು. ಒಂದೂವರೆ ಸೆಂಟಿಮೀಟರ್ ಬೆರಳಿಗೆ ಹಳೆಯದರಲ್ಲಿ ಉಳಿಯುತ್ತಿದ್ದದ್ದು ಸುಮಾರು ಐವತ್ತೆಂಟು ಮಿಲಿಲೀಟರ್. ಹೊಸದರಲ್ಲಿ ಮೂವತ್ತೈದೂ ಇಲ್ಲ. ನಾನು ಒಂದಿಷ್ಟೂ ಬದಲಾಗದೆ ನಷ್ಟ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಈ ಲೆಕ್ಕವನ್ನು ಇವಳು ಒಂಬತ್ತನೆಯ ತರಗತಿಗೆ ಕೊಟ್ಟಿದ್ದಾಳಂತೆ. 'ಒಬ್ಬ ವ್ಯಕ್ತಿ ಲೋಟದಲ್ಲಿ ಪ್ರತಿದಿನ' ಅಂತ ಶುರುವಾಗುತ್ತದಂತೆ. ಹೆಸರು ಹಾಕಿಲ್ಲ ಅನ್ನುವುದೊಂದು ಸಮಾಧಾನ.

ಹಾಲ್‌ನ ಗಡಿಯಾರವನ್ನು ನಾನು ಹತ್ತು ನಿಮಿಷ ಮುಂದಿಟ್ಟಿರುವುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುಂದಿದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲರೂ ಹತ್ತು ಕಳೆದು ನೋಡುತ್ತಾರೆ. ಅಮ್ಮ ಹದಿನೈದು ಕಳೆಯುತ್ತಾಳೆ, ನಾನು ಗುಟ್ಟಾಗಿ ಇನ್ನೂ ಐದು ಮುಂದೆ ತಳ್ಳಿರಬಹುದು ಎಂಬ ಗುಮಾನಿಯಿಂದ. ಬ್ಯಾಟರಿ ಬದಲಿಸಿದ ಒಂದು ಸಲ ಇವಳು ಅದನ್ನು ಸರಿಯಾದ ಸಮಯಕ್ಕೆ ಇಟ್ಟು ಸುಮ್ಮನಾದಳು. ವಾರವಿಡೀ ಇವಳೊಬ್ಬಳನ್ನು ಬಿಟ್ಟು ಮನೆಮಂದಿಯೆಲ್ಲ ತಡ. ಆಮೇಲೆ ಮತ್ತೆ ಹತ್ತು ನಿಮಿಷ ಮುಂದಿಡಲು ಇವಳೇ ಹೇಳಿದಳು.

ರೈಲಿನ ವಿಷಯವೂ ಇದೇ ಜಾತಿಯದು. ಬೆಂಗಳೂರಿಗೆ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿಯಬೇಕೆಂದರೆ, ಸರಸ್ವತೀಪುರಂನ ನಮ್ಮ ಮನೆಯಿಂದ ಆಟೋದಲ್ಲಿ ಹತ್ತೇ ನಿಮಿಷದ ದಾರಿಯಾದರೂ, ನಾನು ಪ್ಲಾಟ್‌ಫಾರಂ ಗುಡಿಸುವ ಹೊತ್ತಿಗೇ ಅಲ್ಲಿರುತ್ತೇನೆ. ಇವಳು ಬೆಂಚಿನ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತಾಳೆ. ಮನೆಯಲ್ಲಿ ಯಾರೂ ಮಾತಾಡಿಸದೆ ಒಂದು ಗಂಟೆ ಸಿಗುವುದಿಲ್ಲವಂತೆ. ಪರೀಕ್ಷೆಯ ಕಾಲದಲ್ಲಿ, "ಬೆಂಗಳೂರಿಗೆ ಯಾವಾಗ್ರೀ ಹೋಗೋದು?" ಅಂತ ತಾನೇ ಕೇಳುತ್ತಾಳೆ.

ಉಳಿದದ್ದು ಬೀಗ. ಹೊರಗೆ ಹೊರಡುವಾಗ ಬೀಗ ಹಾಕಿ ಜಗ್ಗುವುದು ಎಲ್ಲರಿಗೂ ಇದ್ದದ್ದೇ. ನಾನು ಜಗ್ಗಿ, ಮೆಟ್ಟಿಲಿಳಿದು, ಗೇಟಿನ ತನಕ ಹೋಗಿ, ಮತ್ತೆ ಬಂದು ಜಗ್ಗುತ್ತೇನೆ. ಬೀಗ ಬಿದ್ದಿರುವುದು ಗೊತ್ತು. ಜಗ್ಗಿದ್ದೂ ನೆನಪಿದೆ. ಆದರೆ ಆ ನೆನಪು ಇವತ್ತಿನದೋ ನಿನ್ನೆಯದೋ ಎನ್ನುವಲ್ಲಿ ಮನಸ್ಸು ತಡೆಯುತ್ತದೆ. ಮದುವೆಯಾದ ಹೊಸದರಲ್ಲಿ ಇವಳು ಗೇಟಿನ ಹತ್ತಿರ ನಿಂತು ಮೇಲೆ ಆಕಾಶ ನೋಡುತ್ತಿದ್ದಳು. ಈಗ ಅದೂ ಇಲ್ಲ.

ಈ ಸಲ ವಾರ್ಷಿಕೋತ್ಸವಕ್ಕೆ ಪಾಯಸವೂ ಆಯಿತು, ಸಂಜೆ ಹೋಟೆಲ್ ಊಟಕ್ಕೂ ಹೊರಟೆವು. ಗಣಿತದ ಮೇಡಮ್ಮಿನ ಹತ್ತಿರ ಒಂದನ್ನು ಹೊಡೆದುಹಾಕಲು ಆಗುತ್ತದೆಯೇ? ಅಮ್ಮ, ಮಗಳು ಆಟೋದಲ್ಲಿ ಕೂತಾಗಿತ್ತು. ನಾನು ಬೀಗ ಹಾಕಿದೆ, ಜಗ್ಗಿದೆ, ಗೇಟಿಗೆ ಹೋಗಿ ಬಂದು ಮತ್ತೆ ಜಗ್ಗಿದೆ. ಇವಳು ಸಹಜವಾಗಿ, "ರೀ, ಗೀಸರ್ ಆಫ್ ಮಾಡಿದ್ರಾ?" ಅಂದಳು.

ಮಾಡಿದ್ದೆ. ಮಾಡಿದ್ದೆ ಅಂತ ನನಗೆ ಗೊತ್ತಿತ್ತು. ಆದರೆ ಒಮ್ಮೆ ಕೇಳಿದ ಮೇಲೆ ಗೊತ್ತಿದ್ದು ಏನು ಪ್ರಯೋಜನ? ಬೀಗ ತೆಗೆದೆ. ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಬಚ್ಚಲುಮನೆಯ ಸ್ವಿಚ್ಚು ನೋಡಿ, ಹೇಗೂ ಬಂದಿದ್ದೇನಲ್ಲ ಅಂತ ಸಿಲಿಂಡರಿನ ರೆಗ್ಯುಲೇಟರನ್ನೂ ನೋಡಿ ಹೊರಗೆ ಬಂದೆ. ನನ್ನ ಹಿಂದೆಯೇ ಇವಳು ಕೋಣೆಯಿಂದ ಬಂದಳು, ಕನ್ನಡಕ ಒರೆಸಿಕೊಳ್ಳುತ್ತ.

"ಕನ್ನಡಕ ಮರೆತಿದ್ದೆಯಾ?" ಅಂದೆ.

"ಹೂಂ. ಅದನ್ನೇ ಹೇಳಿದ್ದರೆ, ಹೊರಡೋಕೆ ಮುಂಚೆ ನೋಡಿಕೊಳ್ಳಬಾರದಾ ಅಂತ ಅರ್ಧ ಗಂಟೆ ಉಪದೇಶ ಮಾಡ್ತಿದ್ರಿ. ಬೇಗ ಬೀಗ ಹಾಕಿ ಬನ್ನಿ, ಆಟೋದವನು ಕಾಯ್ತಿದಾನೆ. ಎರಡು ಸಲ ಜಗ್ಗೋದಿದ್ದರೆ ಈಗಲೇ ಜಗ್ಗಿಬಿಡಿ."